ಭಾಮಿನಿಯಲ್ಲೊಂದು ಬೆಳಗಿನ ಕಾಫಿ

ಹೋಟೆಲಿನ ಮೆನು ಕಾರ್ಡನ್ನು ಕೈಗೆತ್ತಿಕೊಳ್ಳುವ ಯಾರೂ ಪದ್ಯ ಓದಬೇಕೆಂದು ಬಂದವರಲ್ಲ. ಬೆಳಗ್ಗೆ ಏಳಕ್ಕೆ ಬಂದವರಂತೂ ಇನ್ನೂ ಕಾಫಿಯನ್ನೇ ಕುಡಿದಿಲ್ಲ, ಕಣ್ಣು ಪೂರ್ತಿ ಬಿಟ್ಟಿಲ್ಲ. ಕಾಫಿ ಹೇಳಿಯಾಗಿದೆ, ಲೋಟ ಮೇಜಿಗೆ ಬರಲು ಎರಡು ಮೂರು ನಿಮಿಷ ಬೇಕು. ಆ ಹೊತ್ತಿನಲ್ಲಿ ಕಾರ್ಡಿನ ಮುಖಪುಟದ ಮೇಲೆ ಒಮ್ಮೆ ಕಣ್ಣು ಹೋಗುತ್ತದೆ. ಮುಖಪುಟದ ಪದ್ಯಕ್ಕೆ ಸಿಗುವ ಅವಕಾಶ ಅಷ್ಟೇ. ಅದು ಗಟ್ಟಿಯಾಗಿ ಓದಿದರೆ ಅರ್ಧ ನಿಮಿಷದೊಳಗೆ ಮುಗಿಯಬೇಕು, ಒಂದು ಸಲ ನಗಿಸಬೇಕು, ಎದುರಿಗೆ ಕೂತವರಿಗೆ ಓದಿ ಹೇಳುವಂತಿರಬೇಕು. ನೂರನೆಯ ಸಲ ಕಂಡ ಖಾಯಂ ಗಿರಾಕಿಗೂ ಬೇಸರ ಬರಬಾರದು.

ಬೆಂಗಳೂರಿನಲ್ಲಿ ಆರೇಳು ಮೇಜಿನ ಒಂದು ಪುಟ್ಟ ಕೆಫೆ ತೆರೆಯುತ್ತಿದ್ದ ಪರಿಚಯದವರೊಬ್ಬರು ಇಂಥ ಪದ್ಯವೊಂದನ್ನು ಬರೆದುಕೊಡಿ ಎಂದು ಕೇಳಿದರು. ಅವರ ಕೈಯಲ್ಲಿ ಆಗಲೇ ಒಂದು ಮಾದರಿ ಇತ್ತು. ಬೆಳಗಿನ ಕಾಫಿ ಬಲು ಸೊಗಸು, ಕುಡಿದರೆ ಕುಣಿವುದು ಮನಸು ಎಂಬ ಧಾಟಿಯದು. ಪ್ರಾಸ ಇದೆ, ಹೊಗಳಿಕೆ ಇದೆ. ಆದರೆ ಅದರಲ್ಲಿ ಕಾಫಿಯೇ ಇಲ್ಲ. ಕಾಫಿ ಎನ್ನುವ ಮಾತನ್ನು ತೆಗೆದು ಬಾದಾಮಿ ಹಾಲು ಎಂದು ಹಾಕಿದರೂ ಆ ಪದ್ಯಕ್ಕೆ ಏನೂ ಆಗುವುದಿಲ್ಲ. ಮೆನು ಪದ್ಯವನ್ನು ಪರೀಕ್ಷಿಸಲು ನನಗೆ ಇದಕ್ಕಿಂತ ಸುಲಭದ ದಾರಿ ಗೊತ್ತಿಲ್ಲ: ತಿಂಡಿಯ ಹೆಸರು ಬದಲಿಸಿ ನೋಡಿ. ಪದ್ಯ ಹಾಗೇ ನಿಂತರೆ ಅದು ಆ ತಿಂಡಿಯದಲ್ಲ.

ಹೊಗಳುವುದರ ಜೊತೆಗೆ ಪದ್ಯ ತಮಾಷೆಯಾಗಿಯೂ ಇರಬೇಕು ಎಂಬುದು ಇನ್ನೊಂದು ಷರತ್ತು. ಕನ್ನಡದಲ್ಲಿ ಇದಕ್ಕೆ ಎರಡು ಹೆದ್ದಾರಿಗಳಿವೆ. ಒಂದನ್ನು ಜಿ.ಪಿ. ರಾಜರತ್ನಂ ಹಾಕಿಕೊಟ್ಟರು. ಸ್ವತಃ ಕುಡಿಯದ ಅವರು ಹೆಂಡದ ಹೊಗಳಿಕೆಯನ್ನು ಕುಡುಕ ರತ್ನನ ಬಾಯಲ್ಲಿ, ಅವನದೇ ಆಡುಮಾತಿನಲ್ಲಿ ಹಾಡಿಸಿದರು. ಮಾತು ನೆಲಕ್ಕೆ ಹತ್ತಿರವಾದಷ್ಟೂ ನಗು ಹತ್ತಿರ. ಇನ್ನೊಂದು ದಾರಿ ಇದಕ್ಕೆ ತಿರುವುಮುರುವು. ಸಣ್ಣ ವಸ್ತುವನ್ನು ಎತ್ತಿಕೊಂಡು ಅದಕ್ಕೆ ಮಹಾಕಾವ್ಯದ ಉಡುಪು ತೊಡಿಸುವುದು. ಭೀಮನೋ ಕರ್ಣನೋ ಬರಬೇಕಾದ ಛಂದಸ್ಸಿನಲ್ಲಿ ಸ್ಟೀಲ್ ಲೋಟ ನಡೆದು ಬಂದರೆ, ಓದುವವನಿಗೆ ಛಂದಸ್ಸಿನ ಹೆಸರು ಗೊತ್ತಿಲ್ಲದಿದ್ದರೂ ಕಿವಿಗೆ ಆ ಠೀವಿ ಗೊತ್ತಾಗುತ್ತದೆ, ನಗು ಬರುತ್ತದೆ.

ಕಾಫಿ ಹೋಟೆಲಿಗೆ ಇಂಥ ಠೀವಿ ಹೊಸದೇನಲ್ಲ. 1730ರ ದಶಕದಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ ಕಾಫಿಯ ಮೇಲೆ ಒಂದು ಪುಟ್ಟ ಹಾಡುಗತೆಯನ್ನೇ ಸಂಯೋಜಿಸಿದ. ಅದರ ಸಾಹಿತ್ಯ ಪಿಕಾಂಡರ್ ಎಂಬ ಕವಿಯದು. ಕಾಫಿ ಬಿಡದಿದ್ದರೆ ಮದುವೆಯೇ ಇಲ್ಲ ಎಂದು ಅಪ್ಪ ಹೆದರಿಸುತ್ತಾನೆ. ಮಗಳು ಹೂಂ ಎನ್ನುತ್ತಾಳೆ. ಆದರೆ ಕಾಫಿ ಮಾಡಿಕೊಳ್ಳಲು ಬಿಡುತ್ತೇನೆಂದು ಕರಾರು ಬರೆದುಕೊಡುವ ಗಂಡೇ ಬೇಕು ಎಂದು ಗುಟ್ಟಾಗಿ ಸುದ್ದಿ ಹಬ್ಬಿಸುತ್ತಾಳೆ. ಬಾಖ್ ಅದೇ ಊರಿನ ಝಿಮ್ಮರ್‌ಮನ್ ಕಾಫಿ ಹೌಸಿನಲ್ಲಿ ತನ್ನ ತಂಡದ ಕಛೇರಿ ನಡೆಸುತ್ತಿದ್ದವನು. ದೇವಾಲಯಕ್ಕೆ ಸಂಗೀತ ಬರೆಯುವ ಕೈ ಕಾಫಿಗೂ ಬರೆಯಿತು.

ನಮ್ಮಲ್ಲೂ ಅಡುಗೆಮನೆಗೂ ಷಟ್ಪದಿಗೂ ನಂಟು ಹಳೆಯದು. 16ನೇ ಶತಮಾನದ ಆರಂಭದ ಮೂರನೇ ಮಂಗರಸ ತನ್ನ ‘ಸೂಪಶಾಸ್ತ್ರ’ವನ್ನು, ಅಂದರೆ ಇಡೀ ಪಾಕಪುಸ್ತಕವನ್ನು, ವಾರ್ಧಕ ಷಟ್ಪದಿಯಲ್ಲಿ ಬರೆದ. ಕಾಫಿ ಆಗಿನ್ನೂ ಈ ನಾಡಿಗೆ ಕಾಲಿಟ್ಟಿರಲಿಲ್ಲ, ಇಲ್ಲದಿದ್ದರೆ ನನ್ನ ಕೆಲಸ ಆತನೇ ಮುಗಿಸಿರುತ್ತಿದ್ದನೋ ಏನೋ.

ಷಟ್ಪದಿಗಳು ಆರು ಬಗೆ: ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ. ಎಲ್ಲಕ್ಕೂ ಆರು ಸಾಲು, ಮೂರನೆಯದೂ ಆರನೆಯದೂ ಉದ್ದ. ವ್ಯತ್ಯಾಸ ಇರುವುದು ಹೆಜ್ಜೆಯ ಅಳತೆಯಲ್ಲಿ. ಮಂಗರಸನ ವಾರ್ಧಕದ ಹೆಜ್ಜೆ ಐದೈದು ಮಾತ್ರೆಯದು. ಕುಮಾರವ್ಯಾಸ ಗದುಗಿನ ಭಾರತಕ್ಕೆ ಆರಿಸಿಕೊಂಡ ಭಾಮಿನಿಯದು ಮೂರು, ನಾಲ್ಕು, ಮೂರು, ನಾಲ್ಕು. ನಾನು ಭಾಮಿನಿಯನ್ನು ಹಿಡಿದದ್ದು ಕುಮಾರವ್ಯಾಸನ ಠೀವಿಗಾಗಿ ನಿಜ, ಆದರೆ ಅದಕ್ಕಿಂತ ಮುಖ್ಯವಾದ ಕಾರಣ ಕಾಫಿಯ ಸಾಮಾನುಗಳಲ್ಲೇ ಇತ್ತು.

ಅದನ್ನು ಕಾಣಬೇಕಾದರೆ ಶಾಲೆಯಲ್ಲಿ ಕಲಿತು ಮರೆತ ಲೆಕ್ಕವನ್ನು ಒಂದು ಕ್ಷಣ ನೆನಪಿಸಿಕೊಳ್ಳಬೇಕು. ಹ್ರಸ್ವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘ ಅಕ್ಷರ ಗುರು, ಅದಕ್ಕೆ ಎರಡು. ಹ್ರಸ್ವವೇ ಆದರೂ ಮುಂದೆ ಒತ್ತಕ್ಷರ ಬಂದರೆ, ಪಕ್ಕದಲ್ಲಿ ಸೊನ್ನೆ ಇದ್ದರೆ, ಅಥವಾ ಕೊನೆಗೆ ‘ನ್’, ‘ರ್’ ಥರದ ಅರ್ಧಾಕ್ಷರ ಅಂಟಿಕೊಂಡರೆ ಅದೂ ಗುರುವಾಗುತ್ತದೆ. ಈಗ ಎಣಿಸಿ. ಕಾಫಿ: ಎರಡು, ಒಂದು, ಒಟ್ಟು ಮೂರು. ಲೋಟ ಮೂರು. ಹಾಲು ಮೂರು. ಸಕ್ಕರೆ ನಾಲ್ಕು. ಬಟ್ಟಲು ನಾಲ್ಕು. ಫಿಲ್ಟರು ನಾಲ್ಕು. ಘಮಘಮ ನಾಲ್ಕು. ಕಾಫಿ ಮಾಡುವ ಕಟ್ಟೆಯ ಮೇಲಿನ ಬಹುಪಾಲು ಸಾಮಾನು ಮೂರು ಇಲ್ಲವೇ ನಾಲ್ಕು ಮಾತ್ರೆಯದು. ಭಾಮಿನಿ ಕೇಳುವುದೂ ಅದನ್ನೇ.

ಭಾಮಿನಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು 14 ಮಾತ್ರೆಯವು. ಮೂರು ಮತ್ತು ಆರನೆಯ ಸಾಲುಗಳಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ 23 ಮಾತ್ರೆ. ಇಡೀ ಪದ್ಯಕ್ಕೆ 102. ಹೀಗೆ ಎಣಿಸಲು ಬೇಸರವಾದರೆ ಮೇಜಿನ ಮೇಲೆ ಬೆರಳು ಬಡಿಯುತ್ತಾ ‘ತಕಿಟ ತಕದಿಮಿ, ತಕಿಟ ತಕದಿಮಿ’ ಎಂದರೆ ಸಾಕು. ಸಂಗೀತ ಬಲ್ಲವರಿಗೆ ಇದು ಮಿಶ್ರಛಾಪಿನ ಏಳೆಣಿಕೆ. ಪದ ತಪ್ಪಿದ ಕಡೆ ಬೆರಳು ತಾನಾಗಿಯೇ ನಿಲ್ಲುತ್ತದೆ.

ಇನ್ನು ಪ್ರಾಸ. ಸಾಲಿನ ಕೊನೆಯಲ್ಲಿ ಬರುವ ಪ್ರಾಸ ನಮ್ಮ ಕಿವಿಗೆ ಈಗ ಹೆಚ್ಚು ಪರಿಚಯ. ಹಳೆಯ ಕನ್ನಡ ಕವಿಗಳು ಬಿಡದೆ ಹಿಡಿದದ್ದು ಆದಿಪ್ರಾಸವನ್ನು, ಅಂದರೆ ಎಲ್ಲ ಸಾಲುಗಳ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಸ್ವರ ಬೇರೆಯಾದರೂ ನಡೆಯುತ್ತದೆ, ಆದರೆ ಒಂದು ಸಾಲಿನಲ್ಲಿ ಮೊದಲಕ್ಷರ ಗುರುವಾದರೆ ಎಲ್ಲದರಲ್ಲೂ ಗುರುವೇ ಆಗಬೇಕು. ‘ಕಾಫಿ’ಯನ್ನು ಸಾಲಿನ ಮೊದಲಿಗಿಟ್ಟರೆ ಎರಡನೆಯ ಅಕ್ಷರ ಫಕಾರವಾಗುತ್ತದೆ. ಅಂಥ ಇನ್ನೈದು ಪದ ಹುಡುಕಹೊರಟರೆ ಕಾಫಿ ಆರಿಹೋಗುತ್ತದೆ. ಹಾಗಾಗಿ ಕಾಫಿಯನ್ನು ಬಿಟ್ಟು ಅದು ಕೂರುವ ಲೋಟವನ್ನು ಹಿಡಿದೆ. ಟಕಾರದಲ್ಲಿ ಕನ್ನಡ ಬಲು ಉದಾರಿ: ತೋಟ, ನೋಟ, ಊಟ, ಆಟ, ಕೂಟ, ಸಾಟಿ, ದಾಟಿ, ಕೋಟಿ, ಪೇಟೆ, ತೀಟೆ. ಎಲ್ಲವೂ ಗುರು-ಲಘು, ಎಲ್ಲವೂ ಮೂರು ಮಾತ್ರೆ, ಹಾಗಾಗಿ ಭಾಮಿನಿಯ ಮೊದಲ ಹೆಜ್ಜೆಗೆ ಒಂದೊಂದೂ ಸರಿಯಾಗಿ ಕೂರುತ್ತದೆ. ‘ಪಾಠ’ ಮಾತ್ರ ಬರುವಂತಿಲ್ಲ, ಅದು ಠಕಾರ. ಬೆಂಗಳೂರಿಗರ ಪ್ರೀತಿಯ ‘ಬೈಟೂ’ವನ್ನು ತರಲು ಆಸೆಯಿತ್ತು, ಆದರೆ ನಾವು ಅದನ್ನು ಎಳೆದೇ ಹೇಳುವುದು. ಎಳೆದರೆ ನಾಲ್ಕು ಮಾತ್ರೆಯಾಗಿ ಮೊದಲ ಹೆಜ್ಜೆಗೆ ಹಿಡಿಸುವುದಿಲ್ಲ. ಬಿಟ್ಟೆ.

ಪದಗಳ ಪಟ್ಟಿ ಕೈಯಲ್ಲಿದ್ದರೂ ಪದ್ಯ ಬರೆಯಲು ಕೂರುವ ಮೊದಲು ಒಂದು ಬೆಳಗ್ಗೆ ಆ ಕೆಫೆಯ ಅಡುಗೆಮನೆಗೆ ಹೋದೆ. ಮೆನುವಿನ ಪದ್ಯ ಹೇಳಿದ್ದು ಲೋಟದಲ್ಲಿ ಇರಬೇಕಲ್ಲ. ದೊಡ್ಡ ಹೋಟೆಲುಗಳಲ್ಲಿ ಡಿಕಾಕ್ಷನ್ ಬಟ್ಟೆಯ ಮೂಲಕ ಇಳಿಯುವುದೂ ಉಂಟು, ಯಂತ್ರದಿಂದ ಬರುವುದೂ ಉಂಟು. ಇವರದು ಮನೆಯ ಫಿಲ್ಟರಿನದೇ ದೊಡ್ಡ ರೂಪ, ಸ್ಟೀಲಿನದು. ಮೇಲಿನ ಪಾತ್ರೆಯ ತಳದಲ್ಲಿ ಸೂಜಿಯಿಂದ ಚುಚ್ಚಿದಂಥ ತೂತುಗಳು, ಅದರ ಮೇಲೆ ಪುಡಿ, ಪುಡಿಯ ಮೇಲೆ ಹಿಡಿಕೆಯಿರುವ ತೂತಿನ ಬಿಲ್ಲೆ, ಆಮೇಲೆ ನೀರು, ಮುಚ್ಚಳ.

ಇಲ್ಲಿ ಅವಸರಕ್ಕೆ ಜಾಗವಿಲ್ಲ. ಮನೆಯ ಪುಟ್ಟ ಫಿಲ್ಟರಿಗಾದರೆ ಮೂರು ದೊಡ್ಡ ಚಮಚ ಪುಡಿ, ಸುಮಾರು 150 ಮಿಲಿಲೀಟರ್ ನೀರು. ನೀರು ಕುದಿದು ಇಳಿಸಿ ಅರೆಗಳಿಗೆ ಆಗಿರಬೇಕು. ಬಿಲ್ಲೆಯನ್ನು ಪುಡಿಯ ಮೇಲೆ ಸುಮ್ಮನೆ ಕೂರಿಸಬೇಕೇ ಹೊರತು ಬಲವಾಗಿ ಅಮುಕಬಾರದು. ಅಮುಕಿದರೆ, ಅಥವಾ ಪುಡಿ ಹಿಟ್ಟಿನಷ್ಟು ನುಣ್ಣಗಿದ್ದರೆ, ತೂತು ಕಟ್ಟಿಕೊಂಡು ಅರ್ಧ ಗಂಟೆಯಾದರೂ ಹನಿ ಬೀಳುವುದಿಲ್ಲ. ತರಿಯಾಗಿದ್ದರೆ ನೀರು ಪುಡಿಯೊಳಗೆ ನಿಲ್ಲದೆ ಸರಕ್ಕನೆ ಇಳಿದುಬಿಡುತ್ತದೆ, ಕೆಳಗೆ ನೋಡಿದರೆ ತೆಳ್ಳಗಿನ ಕಂದು ನೀರು. ಹದವಾಗಿದ್ದರೆ ಹನಿ ಹನಿಯಾಗಿ ಹತ್ತು ಹದಿನೈದು ನಿಮಿಷದಲ್ಲಿ ಇಳಿಯುತ್ತದೆ, ಲೋಟದ ಒಳಗೋಡೆಗೆ ಸವರಿಕೊಂಡು ನಿಧಾನಕ್ಕೆ ಜಾರುವಷ್ಟು ಗಟ್ಟಿಯಾಗಿರುತ್ತದೆ. ಆಮೇಲೆ ಅದನ್ನು ಒಲೆಯ ಮೇಲಿಟ್ಟು ಕುದಿಸಿದರೆ ಘಮ ಹಾರಿಹೋಗಿ ಕಹಿ ಉಳಿಯುತ್ತದೆ. ಬಿಸಿ ತರುವ ಕೆಲಸ ಹಾಲಿನದು.

ನನ್ನ ಮೊದಲ ಕರಡಿನಲ್ಲಿ ಎರಡನೆಯ ಸಾಲು ‘ಸಾಟಿಯಿಲ್ಲದ ಹಾಲನಪ್ಪುತ’ ಎಂದಿತ್ತು. ಮಾತ್ರೆ ಸರಿ, ಪ್ರಾಸ ಸರಿ. ಅಡುಗೆಮನೆಯಿಂದ ಬಂದ ಮೇಲೆ ಅದು ಸಪ್ಪೆ ಎನಿಸಿತು. ಸಾಟಿಯಿಲ್ಲದ್ದು ಎಂದು ಯಾವುದಕ್ಕೆ ಹೇಳುವುದಿಲ್ಲ? ಜಾಹೀರಾತುಗಳಲ್ಲಿ ಸೀರೆಗೂ ಸಿಮೆಂಟಿಗೂ ಸಾಟಿಯಿರುವುದಿಲ್ಲ. ಅದರ ಬದಲು ಕಣ್ಣಾರೆ ಕಂಡದ್ದನ್ನೇ ಇಟ್ಟೆ: ‘ದಾಟಿ ತೂತನು ಹಾಲನಪ್ಪುತ’. ಸೂಜಿಮೊನೆಯ ತೂತನ್ನು ದಾಟಿ ಬಂದವನು ಹಾಲನ್ನು ಅಪ್ಪಿಕೊಳ್ಳುವುದು. ಸಮುದ್ರ ದಾಟಿದ ವೀರರ ಕಥೆ ಕೇಳಿದ ಕಿವಿಗೆ ತೂತು ದಾಟುವ ವೀರ ಸಿಕ್ಕಿದರೆ ನಗು ಬಂದೇ ಬರುತ್ತದೆ. ಹೊಗಳಿಕೆಯ ಪದ ತೆಗೆದದ್ದಕ್ಕೆ ಹೊಗಳಿಕೆ ಹೆಚ್ಚಾಯಿತು.

ಮೊದಲ ಸಾಲು ತಂದ ತೊಂದರೆ ಬೇರೆ ಬಗೆಯದು. ಡಿಕಾಕ್ಷನ್ ಎಂಬ ಮಾತಿಲ್ಲದೆ ಫಿಲ್ಟರ್ ಕಾಫಿಯ ಪದ್ಯ ಬರೆಯಲಾದೀತೇ? ಕಷಾಯ ಎಂದರೆ ಶುಂಠಿ-ಮೆಣಸಿನ ನೆನಪಾಗುತ್ತದೆ. ಆದರೆ ಡಿಕಾಕ್ಷನ್ ಶುರುವಾಗುವುದು ಲಘುವಿನಿಂದ, ಅದರ ಬೆನ್ನಿಗೇ ಗುರು. ಮಾತ್ರಾಗಣಗಳಲ್ಲಿ ಲಘುವಿನ ಮುಂದೆ ಗುರು ಬಂದು ಗಣ ಆರಂಭವಾಗಬಾರದು ಎಂಬ ಹಳೆಯ ಕಟ್ಟಳೆಯಿದೆ. ಸುಮ್ಮನೆ ಮಾಡಿದ ಕಟ್ಟಳೆಯಲ್ಲ ಅದು. ‘ಗಟ್ಟಿ ಡಿಕಾಕ್ಷನ್’ ಎಂದು ತಕಿಟ ತಕದಿಮಿಗೆ ಹೇಳಿ ನೋಡಿ. ‘ಗಟ್ಟಿ’ಗೆ ತಕಿಟ ಸರಿಹೋಯಿತು. ಮುಂದಿನ ನಾಲ್ಕರ ಹೆಜ್ಜೆ ‘ಡಿಕಾ’ ಎಂದು ಶುರುವಾಗಿ ಮೂರಕ್ಕೇ ನಿಲ್ಲುತ್ತದೆ, ಇನ್ನೊಂದು ಮಾತ್ರೆ ಬೇಕು ಎಂದರೆ ‘ಕ್ಷನ್’ ಎರಡನ್ನು ಹೊತ್ತು ನಿಂತಿದೆ. ನಾಲಗೆ ಮುಗ್ಗರಿಸುತ್ತದೆ. ಚಿಕೋರಿಯೂ ಇದೇ ಜಾತಿಯದು.

ಇದಕ್ಕೆ ಪರಿಹಾರ ಪದವನ್ನು ಗಣದ ಗಡಿಯ ಮೇಲೆ ಕೂರಿಸುವುದು. ಷಟ್ಪದಿಯಲ್ಲಿ ಪದ ಒಡೆದು ಎರಡು ಗಣಕ್ಕೆ ಹಂಚಿಹೋಗುವುದು ತಪ್ಪಲ್ಲ, ಕುಮಾರವ್ಯಾಸನಲ್ಲಿ ಅದು ನಿತ್ಯದ ಮಾತು. ‘ಡಿ’ಯನ್ನು ಹಿಂದಿನ ಮೂರರ ಗಣದ ಬಾಲಕ್ಕೆ ಕಟ್ಟಿ, ‘ಕಾಕ್ಷನ್’ ಅನ್ನು ನಾಲ್ಕರ ಗಣಕ್ಕೆ ಬಿಟ್ಟರೆ ಕೆಲಸ ಮುಗಿಯಿತು. ‘ಡಿ’ಯ ಹಿಂದೆ ಒಂದೇ ಒಂದು ಗುರು ಬೇಕು. ‘ಈ’ ಸಾಕು. ಈ ಡಿಕಾಕ್ಷನ್: ಎರಡು, ಒಂದು, ಎರಡು, ಎರಡು. ಸಾಲು ಹೀಗಾಯಿತು:

ತೋಟ | ದಿಂದಿಳಿ | ದೀ ಡಿ | ಕಾಕ್ಷನ್

ತೋಟದಿಂದ, ಇಳಿದ, ಈ ಎಂಬ ಮೂರು ಮಾತು ಸಂಧಿಯಾಗಿ ಬೆಸೆದುಕೊಂಡಿವೆ. ಹಳೆಯ ಕಾವ್ಯದ ಸಂಧಿಗೂ ಇಂಗ್ಲಿಷಿನಿಂದ ಬಂದ ಡಿಕಾಕ್ಷನ್ನಿಗೂ ಒಂದೇ ಸಾಲಿನಲ್ಲಿ ಭೇಟಿಯಾದಾಗ ಬೇಕಾದ ತಮಾಷೆ ತಾನೇ ಒದಗಿತು.

‘ತೋಟದಿಂದಿಳಿದ’ ಎಂಬುದು ನಿಜವೇ ಎಂದು ಕೇಳಿಕೊಂಡೆ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವುದು ಕರ್ನಾಟಕದಲ್ಲಿ, ಅದೂ ಕೊಡಗು, ಚಿಕ್ಕಮಗಳೂರು, ಹಾಸನದ ಗುಡ್ಡದ ತೋಟಗಳಲ್ಲಿ. ಬೆಂಗಳೂರಿಗೆ ಅದು ಇಳಿದೇ ಬರಬೇಕು. ಮಾಲೀಕರಿಗೆ ಮಾತ್ರ ‘ತೋಟ’ ಸಾಲದು, ಬಾಬಾಬುಡನ್‌ಗಿರಿಯೆಂದೇ ಹಾಕಿ ಎಂದರು. ಬಾಬಾ ಬುಡನ್ ಮೆಕ್ಕಾ ಯಾತ್ರೆಯಿಂದ ಬರುವಾಗ ಯೆಮನ್ನಿನಿಂದ ಏಳು ಕಾಫಿ ಬೀಜ ತಂದು ಆ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯ ಯಾರಿಗೆ ಗೊತ್ತಿಲ್ಲ, ಪದ್ಯಕ್ಕೆ ಕಳೆಯೂ ಬರುತ್ತಿತ್ತು. ಆದರೆ ಅವರ ಪುಡಿ ಅಲ್ಲಿಯದೇ ಎಂಬುದಕ್ಕೆ ಅವರಲ್ಲೇ ಖಾತ್ರಿಯಿರಲಿಲ್ಲ. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು ಮತ್ತು ಕೊಡಗಿನ ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಂಥ ಹೆಸರನ್ನು ಎಲ್ಲಿಯದೋ ಪುಡಿಗೆ ಅಂಟಿಸುವುದು ಕವಿಸ್ವಾತಂತ್ರ್ಯದಲ್ಲಿ ಬರುವುದಿಲ್ಲ.

ಅದೇ ಕಾರಣಕ್ಕೆ ‘ಶುದ್ಧ’ ಎಂಬ ಮಾತನ್ನೂ ದೂರ ಇಟ್ಟೆ. ಅವರು ತರಿಸುವುದು ಚಿಕೋರಿ ಬೆರೆತ ಪುಡಿ. ಚಿಕೋರಿ ಎಂದರೆ ಒಂದು ಗಿಡದ ಬೇರು, ಹೆಚ್ಚಾಗಿ ಗುಜರಾತ್ ಮತ್ತು ಉತ್ತರ ಪ್ರದೇಶದ ಹೊಲಗಳಲ್ಲಿ ಬೆಳೆಯುವಂಥದ್ದು. ಅದನ್ನು ಹುರಿದು ಪುಡಿ ಮಾಡಿ ಸೇರಿಸಿದರೆ ಡಿಕಾಕ್ಷನ್ನಿಗೆ ಕಪ್ಪು ಬಣ್ಣ, ಮಂದ, ಒಂದು ಬಗೆಯ ಸಿಹಿಗಹಿ ಬರುತ್ತದೆ. ಕೆಫೀನ್ ಮಾತ್ರ ಅದರಲ್ಲಿ ಇಲ್ಲ. ಇಂಥ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು ಎಂದು ಆಹಾರ ಕಾನೂನು ಹೇಳುತ್ತದೆ. ಬೆರಕೆಯಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ, ಬಹಳ ಜನರ ನಾಲಗೆ ಪಳಗಿರುವುದೇ ಆ ರುಚಿಗೆ. ಹೊಗಳುವಾಗ ಇಲ್ಲದ ಗುಣ ಹೇಳದಿದ್ದರಾಯಿತು.

ಮೂರನೆಯ ಉದ್ದ ಸಾಲು ಲೋಟದ್ದು. ಎತ್ತರದಿಂದ ಬಟ್ಟಲಿಗೂ ಲೋಟಕ್ಕೂ ಎರಡು ಮೂರು ಸಲ ಎತ್ತಿ ಹೊಯ್ದಾಗ ಹಾಲಿನೊಳಗೆ ಗಾಳಿ ಸೇರಿ ನೊರೆ ಏಳುತ್ತದೆ, ಅಂಚಿನಿಂದ ಬೆರಳಗಲ ಮೇಲೆ ಉಬ್ಬಿ ನಿಲ್ಲುತ್ತದೆ. ಅದಕ್ಕೆ ಮೈಸೂರು ಪೇಟ ಎನ್ನದೆ ಇನ್ನೇನು ಹೇಳಲಿ? ಲೋಟಕ್ಕೆ ಪೇಟ ಸುತ್ತಿದ ಮೇಲೆ ಒಳಗಿರುವವನು ಗಂಡಾಳೇ ಆಗಬೇಕಾಯಿತು. ಹಾಗಾಗಿ ‘ಕುಳಿತಿಹುದು’ ಹೋಗಿ ‘ಕುಳಿತಿಹನೈ’ ಬಂತು. ‘ಹನೈ’ಯ ಕೊನೆಯ ಗುರು ಭಾಮಿನಿಗೆ ಬೇಕಾದದ್ದೂ ಹೌದು, ಗಮಕಿಗಳ ರಾಗದ ಎಳೆತವೂ ಹೌದು.

ನಾಲ್ಕು ಮತ್ತು ಐದನೆಯ ಸಾಲುಗಳು ಮೆನುವಿಗಾಗಿಯೇ ಬರೆದವು. ಮುಖಪುಟದ ಹಿಂದೆ ಇಡ್ಲಿ, ದೋಸೆ, ಉಪ್ಪಿಟ್ಟು, ಊಟ ಎಲ್ಲ ಬೆಲೆಸಮೇತ ಪಟ್ಟಿಯಾಗಿ ನಿಂತಿವೆಯಲ್ಲ, ಅವನ್ನು ಪದ್ಯ ಗದರಿಸಿ ಸಾಲಿನಲ್ಲಿ ನಿಲ್ಲಿಸುತ್ತದೆ. ಇಲ್ಲಿ ಮಾಲೀಕರಿಂದ ತಕರಾರು ಬಂತು.

“ಸಾರ್, ಎಲ್ರೂ ಕಾಫಿ ಕುಡ್ಕೊಂಡು ಎದ್ದು ಹೋಗ್ಬಿಟ್ರೆ ನಮ್ ಇಡ್ಲಿ ಯಾರು ತಿಂತಾರೆ? ನಾನು ಕಾಸು ನೋಡೋದು ಅದ್ರಲ್ಲೇ.”

“ನಿಲ್ಲಿ ಅಂತ ಅಷ್ಟೇ ಹೇಳಿರೋದು ಸ್ವಾಮಿ, ಹೋಗಿ ಅಂತ ಹೇಳಿಲ್ವಲ್ಲ,” ಎಂದೆ.

ಅವರು ಎರಡು ಸಲ ಓದಿಕೊಂಡು ಒಪ್ಪಿದರು. ಊಟ-ತಿಂಡಿ ಒಳಪುಟದಲ್ಲಿ ಕಾಯುತ್ತಿದೆ ಎಂಬ ಸೂಚನೆ ಸಿಕ್ಕರೆ ಪುಟ ತಿರುಗಿಸುವವರೇ ಹೆಚ್ಚು. ಪೂರ್ತಿ ಪದ್ಯ ಇದು:

ತೋಟದಿಂದಿಳಿದೀ ಡಿಕಾಕ್ಷನ್
ದಾಟಿ ತೂತನು ಹಾಲನಪ್ಪುತ
ಲೋಟದಂಚಿಗೆ ನೊರೆಯ ಪೇಟವ ಸುತ್ತಿ ಕುಳಿತಿಹನೈ
ಊಟ ತಿಂಡಿಗಳೆಲ್ಲ ಸಾಲಲಿ
ತೀಟೆ ಮಾಡದೆ ಕಾದು ನಿಲ್ಲಲಿ
ನೋಟ ಮಸುಕಿದ ಕಣ್ಣಿಗೀತನೆ ಬೆಳಗ ತರುವವನೈ

ಕೊನೆಯ ಸಾಲಿನ ಬಗ್ಗೆ ಒಂದು ಮಾತು. ‘ಬೆಳಗಿನ ಕಾಫಿ’ ಎಂದು ಎಲ್ಲರೂ ಹೇಳುತ್ತಾರೆ, ಬೆಳಗಾದ ಮೇಲೆ ಕಾಫಿ ಎಂಬ ಲೆಕ್ಕದಲ್ಲಿ. ಕುಡಿಯುವವರ ಅನುಭವ ತಲೆಕೆಳಗು: ಕಾಫಿ ಬರುವವರೆಗೆ ಬೆಳಗೇ ಆಗಿರುವುದಿಲ್ಲ. ಇಡೀ ಪದ್ಯದಲ್ಲಿ ನೇರವಾದ ಹೊಗಳಿಕೆ ಅಂತಿರುವುದು ಅದೊಂದೇ. ಅದನ್ನೂ ‘ನೋಟ ಮಸುಕಿದ ಕಣ್ಣು’ ಎಂಬ ವಾಸ್ತವದ ಪಕ್ಕದಲ್ಲೇ ಇಟ್ಟಿದೆ. ಕಾಫಿ ಎಂಬ ಪದ ಪದ್ಯದೊಳಗೆ ಎಲ್ಲೂ ಬಂದಿಲ್ಲ ಎಂಬುದನ್ನು ಗಮನಿಸಿರಬಹುದು. ಮೇಲೆ ದಪ್ಪಕ್ಷರದಲ್ಲಿ ‘ಫಿಲ್ಟರ್ ಕಾಫಿ’ ಎಂದು ಇದ್ದೇ ಇದೆ. ಮೆನುವಿನಲ್ಲಿ ತಲೆಬರಹ ಮಾಡುವ ಕೆಲಸವನ್ನು ಪದ್ಯವೂ ಮಾಡಬೇಕಿಲ್ಲ.

ಬರೆದು ಕೊಟ್ಟರೆ ಕೆಲಸ ಮುಗಿಯಲಿಲ್ಲ. ಅಂಗೈ ಎರಡರಷ್ಟು ಅಗಲದ ಕಾರ್ಡಿನಲ್ಲಿ 23 ಮಾತ್ರೆಯ ಸಾಲು ಹಿಡಿಸುವುದಿಲ್ಲ. ಅಕ್ಷರ ಸಣ್ಣ ಮಾಡಿದರೆ ಕನ್ನಡಕ ಮರೆತು ಬಂದವರಿಗೆ ಓದಲಾಗದು. ಉದ್ದ ಸಾಲನ್ನು ‘ಪೇಟವ’ ಆದ ಮೇಲೆ ಮುರಿದು ‘ಸುತ್ತಿ ಕುಳಿತಿಹನೈ’ಯನ್ನು ಕೆಳಗೆ ಸ್ವಲ್ಪ ಒಳಕ್ಕೆ ಸರಿಸಿ ಹಾಕಲು ಹೇಳಿದೆ. ಅಲ್ಲಿಗೆ ಸರಿಯಾಗಿ 14 ಮಾತ್ರೆ ಮುಗಿದಿರುತ್ತದೆ, ಹಾಗಾಗಿ ಮುರಿದದ್ದು ಕಿವಿಗೆ ಗೊತ್ತಾಗುವುದಿಲ್ಲ. ಆರನೆಯ ಸಾಲಿಗೂ ಹಾಗೆಯೇ, ‘ಕಣ್ಣಿಗೀತನೆ’ ಆದ ಮೇಲೆ.

ಅಚ್ಚಿಗೆ ಹೋಗುವ ಮೊದಲಿನ ಪ್ರತಿ ನೋಡಿದಾಗ ಮೂರನೆಯ ಸಾಲಿನಲ್ಲಿ ‘ಕುಳಿತಿದ್ದಾನೆ’ ಎಂದಿತ್ತು. ಅಕ್ಷರ ಜೋಡಿಸಿದ ಹುಡುಗ ತಪ್ಪೆಂದು ಭಾವಿಸಿ ತಿದ್ದಿದ್ದ. ಅವನನ್ನು ದೂರುವಂತಿಲ್ಲ, ಅರ್ಥ ಒಂದೇ, ಇವತ್ತಿನ ಕನ್ನಡವೂ ಹೌದು. ಆದರೆ ‘ಕುಳಿತಿ’ಯಲ್ಲಿ ‘ತಿ’ ಒತ್ತಕ್ಷರದ ಹಿಂದೆ ಬಂದು ಗುರುವಾಯಿತು, ‘ದ್ದಾ’ಗೆ ಎರಡು, ಕೊನೆಯ ‘ನೆ’ ಒಂದು ಮಾತ್ರೆ ಹೆಚ್ಚಾಗಿ ಸಾಲಿನಿಂದ ಹೊರಗೆ ನೇತಾಡಿತು. ಅವನಿಗೇ ಬೆರಳು ಬಡಿದು ಓದಿಸಿದೆ. ‘ನೆ’ ಬಂದ ಕಡೆ ತಾನೇ ನಿಂತ. “ಹಳೇದೇ ಇರ್ಲಿ ಬಿಡಿ ಸಾರ್, ಅದು ಹಾಡ್ಕೊಂಡು ಹೋಗತ್ತೆ,” ಎಂದು ವಾಪಸ್ ಹಾಕಿದ. ಕೊಂಬು-ಒತ್ತುಗಳನ್ನು ನೋಡುವಷ್ಟೇ ಎಚ್ಚರದಿಂದ ಪದ್ಯದ ಕರಡನ್ನು ಹೀಗೆ ಬಾಯಿಬಿಟ್ಟು ಓದಿ ನೋಡಬೇಕು. ಕಣ್ಣಿಗೆ ಸರಿ ಕಂಡದ್ದು ನಾಲಗೆಗೆ ತಪ್ಪಾಗಿರುತ್ತದೆ.

ಬೆಲೆಯನ್ನು ಪದ್ಯದ ಕೆಳಗೇ ಹಾಕಬೇಕೆಂದು ಮಾಲೀಕರು ಮೊದಲು ಹಟ ಹಿಡಿದಿದ್ದರು. ಬೆಲೆ ಏರಿದಾಗಲೆಲ್ಲ ಮುಖಪುಟದ ಮೇಲೆ ಚೀಟಿ ಅಂಟಿಸಬೇಕಾಗುತ್ತದೆ, ಚೀಟಿ ಎರಡು ಸಲ ಬಿದ್ದ ಮೇಲೆ ಪೇಟದ ಠೀವಿ ಉಳಿಯುವುದಿಲ್ಲ ಎಂದ ಮೇಲೆ ಅದು ಒಳಪುಟಕ್ಕೆ ಹೋಯಿತು.

ಕಾರ್ಡು ಮೇಜಿಗೆ ಬಂದ ಮೇಲೆ ಅವರದು ಇನ್ನೊಂದು ಬೇಡಿಕೆ. “ಸಾರ್, ಟೀ ಕುಡಿಯೋರು ಬೇಜಾರ್ ಮಾಡ್ಕೋತಾರೆ, ಹಿಂದಿನ ಪುಟಕ್ಕೆ ಅದಕ್ಕೂ ಒಂದು ಹಾಕ್ಕೊಡಿ.” ಎಣಿಸಿ ನೋಡಿದೆ. ಚಹಾ ಎಂದರೆ ಲಘುವಿನ ಬೆನ್ನಿಗೆ ಗುರು, ಯಾವ ಗಣದ ಬಾಗಿಲಲ್ಲೂ ಅದನ್ನು ಮೊದಲು ಒಳಗೆ ಬಿಡುವಂತಿಲ್ಲ. ಟೀ ಎಂದರೆ ಒಂದೇ ಅಕ್ಷರ, ಆದಿಪ್ರಾಸಕ್ಕೆ ಬೇಕಾದ ಎರಡನೆಯ ಅಕ್ಷರವೇ ಅದರಲ್ಲಿಲ್ಲ. ಟೀಗೆ ಬೇರೆ ಛಂದಸ್ಸು ನೋಡಬೇಕು, ಸ್ವಲ್ಪ ಟೈಮ್ ಕೊಡಿ ಎಂದು ಹೇಳಿ ಬಂದಿದ್ದೇನೆ.